ಪಾಲಿಮರುಗಳ ಸರ್ಪಣ ಮತ್ತು ಪೀಡನ ಶಿಥಿಲನ: ಸ್ಪ್ರಿಂಗ್ ಹಾಗೂ ಡ್ಯಾಶ್‌ಪಾಟ್ ಪ್ರತಿರೂಪಗಳು

ಸ್ಥಿರವಾದ ಹೊರೆಯನ್ನು ಹೊತ್ತ ಪಾಲಿಮರ್ ವಸ್ತುವು ಕಾಲ ಸರಿದಂತೆ ಮೆಲ್ಲಮೆಲ್ಲನೆ ಹಿಗ್ಗುತ್ತ ಹೋಗುವ ಕ್ರಿಯೆಗೆ ಸರ್ಪಣ ಅಥವಾ ಕ್ರೀಪ್ ಎಂದೂ, ನಿಯತವಾದ ಹಿಗ್ಗಿನಲ್ಲಿ ಕಟ್ಟಿಟ್ಟ ಅದೇ ವಸ್ತುವಿನ ಒಳಗಿನ ಬಲವು ಕ್ರಮೇಣ ಕುಂದುತ್ತ ಬರುವ ಕ್ರಿಯೆಗೆ ಪೀಡನ ಶಿಥಿಲನ ಎಂದೂ ಹೆಸರು. ಬಟ್ಟೆ ಒಣಹಾಕಲು ಬಿಗಿದು ಕಟ್ಟಿದ ಪ್ಲಾಸ್ಟಿಕ್ ಹಗ್ಗವು ಕೆಲವು ವಾರಗಳಲ್ಲಿ ಜೋತುಬೀಳುವುದು ಬಹುಮಟ್ಟಿಗೆ ಸರ್ಪಣದಿಂದ. ನಲ್ಲಿಯ ಕೂಡುಗೆಯಲ್ಲಿ ಬಿಗಿಯಾಗಿ ಕುಳ್ಳಿರಿಸಿದ ವಾಷರು ಆಕಾರವನ್ನು ಬದಲಿಸದೆಯೇ ತನ್ನ ಒತ್ತುವ ಶಕ್ತಿಯನ್ನು ಕಳೆದುಕೊಂಡು ನೀರು ಜಿನುಗಲು ಎಡೆಗೊಡುವುದು ಶಿಥಿಲನದಿಂದ. ಈ ಎರಡೂ ಒಂದೇ ಗುಣದ ಎರಡು ಮುಖಗಳು. ಸ್ಥಿತಿಸ್ಥಾಪಕ ಘನದ ಲಕ್ಷಣವೂ ಸ್ನಿಗ್ಧ ದ್ರವದ ಲಕ್ಷಣವೂ ಒಂದೇ ವಸ್ತುವಿನಲ್ಲಿ ಬೆರೆತಿರುವ ಈ ಗುಣವನ್ನು ಸ್ನಿಗ್ಧಸ್ಥಿತಿಸ್ಥಾಪಕತೆ ಎನ್ನುತ್ತಾರೆ. ಅದನ್ನು ಗಣಿತದಿಂದ ವರ್ಣಿಸುವುದಕ್ಕಾಗಿ ಸ್ಪ್ರಿಂಗನ್ನೂ ಡ್ಯಾಶ್‌ಪಾಟನ್ನೂ ನಾನಾ ವಿಧವಾಗಿ ಜೋಡಿಸಿ ರಚಿಸಿದ ಯಾಂತ್ರಿಕ ಪ್ರತಿರೂಪಗಳು ಪ್ರಸ್ತುತ ಲೇಖನದ ವಿಷಯ.

ಈ ಲೇಖನದಲ್ಲಿ ಪೀಡನವೆಂದರೆ ಅಡ್ಡಕೊಯ್ತದ ಏಕಾಂಶ ವಿಸ್ತೀರ್ಣದ ಮೇಲೆ ವರ್ತಿಸುವ ಬಲ (ಸಂಕೇತ σ). ವಿಕೃತಿಯೆಂದರೆ ಮೂಲ ಉದ್ದಕ್ಕೆ ಹೋಲಿಸಿದ ಹಿಗ್ಗು (ಸಂಕೇತ ε). ಪೀಡನವನ್ನು ಮೆಗಾಪಾಸ್ಕಲುಗಳಲ್ಲಿಯೂ ವಿಕೃತಿಯನ್ನು ಶೇಕಡಾವಾರು ಪ್ರಮಾಣದಲ್ಲಿಯೂ ಕೊಡಲಾಗಿದೆ.

## ಹಿನ್ನೆಲೆ

ಈ ಶಾಸ್ತ್ರದ ಉಗಮವು ಪಾಲಿಮರ್ ಎಂಬ ಕಲ್ಪನೆಗಿಂತ ಬಹು ಹಿಂದಿನದು. ಜರ್ಮನಿಯ ಗ್ಯೋಟಿಂಗೆನ್ ನಗರದಲ್ಲಿ ಕಾಂತೀಯ ಮಾಪನೋಪಕರಣಗಳನ್ನು ರೇಷ್ಮೆಯ ಎಳೆಗಳಿಂದ ತೂಗುಬಿಡುತ್ತಿದ್ದ ವಿಲ್‌ಹೆಲ್ಮ್ ವೇಬರ್, ಹೊರೆ ಬಿದ್ದೊಡನೆ ಎಳೆಯು ಒಮ್ಮೆಗೆ ಹಿಗ್ಗಿ, ಅನಂತರವೂ ದೀರ್ಘಕಾಲ ಅಲ್ಪಾಲ್ಪವಾಗಿ ಹಿಗ್ಗುತ್ತಲೇ ಇರುವುದನ್ನೂ, ಹೊರೆಯನ್ನು ತೆಗೆದಾಗ ಅದೇ ರೀತಿ ಎರಡು ಹಂತಗಳಲ್ಲಿ ಹಿಂದಿರುಗುವುದನ್ನೂ 1835ರಲ್ಲಿ ವರದಿ ಮಾಡಿದನು. ಸ್ಥಿತಿಸ್ಥಾಪಕ ಅನುಪರಿಣಾಮ ಎಂಬ ಹೆಸರನ್ನು ಪಡೆದ ಈ ವಿದ್ಯಮಾನವನ್ನು ಮುಂದೆ ಗಾಜಿನ ಎಳೆಗಳಲ್ಲಿಯೂ ರಬ್ಬರಿನಲ್ಲಿಯೂ ಲೋಹದ ತಂತಿಗಳಲ್ಲಿಯೂ ಗುರುತಿಸಲಾಯಿತು. ಕೆಲ್ವಿನ್ 1865ರಲ್ಲಿ ಲೋಹಗಳ ಆಂತರಿಕ ಸ್ನಿಗ್ಧತೆಯನ್ನು ಕುರಿತು ಬರೆದನು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1867ರಲ್ಲಿ ಪ್ರಕಟವಾದ ಅನಿಲಗಳ ಚಲನಸಿದ್ಧಾಂತದ ಪ್ರಬಂಧದಲ್ಲಿ, ಪೀಡನವು ತನ್ನ ಪ್ರಮಾಣಕ್ಕೆ ಅನುಗುಣವಾದ ವೇಗದಿಂದ ಕ್ಷಯಿಸುತ್ತದೆ ಎಂಬ ಸರಳ ನಿಯಮವನ್ನು ಮುಂದಿಟ್ಟು, ಆ ಕ್ಷಯದ ಅವಧಿಗೆ ಶಿಥಿಲನ ಕಾಲ ಎಂಬ ಭಾವನೆಯನ್ನು ಕೊಟ್ಟನು. ಇಂದು ಅವನ ಹೆಸರಿನಿಂದ ಕರೆಯಲ್ಪಡುವ ಸ್ಪ್ರಿಂಗ್ ಮತ್ತು ಡ್ಯಾಶ್‌ಪಾಟುಗಳ ಚಿತ್ರವು ಆ ಸಮೀಕರಣಕ್ಕೆ ಅನಂತರದವರು ತೊಡಿಸಿದ ಉಡುಪು.

ಲುಡ್‌ವಿಗ್ ಬೋಲ್ಟ್ಸ್‌ಮನ್ 1874ರಲ್ಲಿ, ವಸ್ತುವಿನ ಇಂದಿನ ವಿಕೃತಿಯು ಅದು ಈವರೆಗೆ ಹೊತ್ತ ಎಲ್ಲ ಹೊರೆಗಳ ಪರಿಣಾಮಗಳ ಮೊತ್ತವೆಂಬ ಅಧ್ಯಾರೋಪಣ ತತ್ತ್ವವನ್ನು ಸ್ಥಾಪಿಸಿದನು. ವೊಲ್ಡೆಮಾರ್ ಫೋಕ್ಟ್ 1890ರ ದಶಕದಲ್ಲಿ ಘನವಸ್ತುಗಳ ಆಂತರಿಕ ಘರ್ಷಣೆಯನ್ನು ವಿವೇಚಿಸಿದನು. ಎಮಿಲ್ ವೀಖರ್ಟ್ 1893ರಲ್ಲಿ ಒಂದಲ್ಲ, ಅನೇಕ ಶಿಥಿಲನ ಕಾಲಗಳು ಬೇಕೆಂಬುದನ್ನು ತೋರಿಸಿದನು. ಈ ಮಹನೀಯರಲ್ಲಿ ಕೆಲವರು ರೇಷ್ಮೆ, ರಬ್ಬರುಗಳನ್ನು ಕೈಯಲ್ಲಿ ಹಿಡಿದಿದ್ದರೂ ಅವು ದೀರ್ಘ ಸರಪಣಿಯಂತಹ ಅಣುಗಳಿಂದಾದವೆಂಬುದನ್ನು ಅರಿತಿರಲಿಲ್ಲ. ಆ ಅರಿವು ಹೆರ್ಮನ್ ಸ್ಟೌಡಿಂಗರ್ 1920ರಲ್ಲಿ ಮಂಡಿಸಿದ ಬೃಹದಣು ಸಿದ್ಧಾಂತದಿಂದ ಬಂದಿತು. ಕೃತಕ ರಬ್ಬರು, ನೈಲಾನ್, ಪಾಲಿಎಥಿಲೀನುಗಳು ಕಾರ್ಖಾನೆಗಳಿಂದ ಹೊರಬರತೊಡಗಿದ ಮೇಲೆ, ಸುಮಾರು ಒಂದು ಶತಮಾನದಿಂದ ಒಂದು ಕುತೂಹಲವಾಗಿ ಉಳಿದಿದ್ದ ಅನುಪರಿಣಾಮವು ಎಂಜಿನಿಯರು ಲೆಕ್ಕ ಹಾಕಿಯೇ ತೀರಬೇಕಾದ ಸಂಗತಿಯಾಯಿತು.

## ಮೂಲ ಘಟಕಗಳು

ಪ್ರತಿರೂಪಗಳಲ್ಲಿ ಎರಡೇ ಘಟಕಗಳಿವೆ. ಸ್ಪ್ರಿಂಗು ಹುಕ್‌ನ ನಿಯಮವನ್ನು ಪಾಲಿಸುತ್ತದೆ: ಪೀಡನವು ವಿಕೃತಿಗೆ ಅನುಪಾತದಲ್ಲಿದ್ದು, ಹೊರೆ ಬಿದ್ದ ಕ್ಷಣದಲ್ಲಿಯೇ ಹಿಗ್ಗಿ, ತೆಗೆದ ಕ್ಷಣದಲ್ಲಿಯೇ ಪೂರ್ತಿಯಾಗಿ ಹಿಂದಿರುಗುತ್ತದೆ, ಕಾಲವೆಂಬುದು ಅದಕ್ಕೆ ತಿಳಿಯದು. ಡ್ಯಾಶ್‌ಪಾಟು ಎಣ್ಣೆ ತುಂಬಿದ ಕೊಳವೆಯೊಳಗೆ ಸಡಿಲವಾಗಿ ಓಡಾಡುವ ಕೊಂತ. ಹಬೆ ಯಂತ್ರಗಳ ಕವಾಟಗಳು ಬಡಿಯದಂತೆ ತಡೆಯಲು ಉಪಯೋಗಿಸುತ್ತಿದ್ದ, ಇಂದಿಗೂ ಕಚೇರಿಯ ಬಾಗಿಲುಗಳನ್ನು ಸದ್ದಿಲ್ಲದೆ ಮುಚ್ಚುವ ಸಲಕರಣೆ ಇದೇ. ಇದರಲ್ಲಿ ಪೀಡನವು ವಿಕೃತಿಯ ವೇಗಕ್ಕೆ ಅನುಪಾತದಲ್ಲಿರುತ್ತದೆ. ಹೊರೆ ಇರುವಷ್ಟು ಹೊತ್ತು ಅದು ಸರಿಯುತ್ತಲೇ ಇರುತ್ತದೆ. ಹೊರೆಯನ್ನು ತೆಗೆದರೆ ಇದ್ದಲ್ಲಿಯೇ ನಿಲ್ಲುತ್ತದೆ, ಹಿಂದಕ್ಕೆ ಬರುವುದಿಲ್ಲ.

ಸ್ಪ್ರಿಂಗ್: σ = E ε

ಡ್ಯಾಶ್‌ಪಾಟ್: σ = η dε/dt

ಇಲ್ಲಿ E ಎಂಬುದು ಸ್ಥಿತಿಸ್ಥಾಪಕತೆಯ ಗುಣಾಂಕ, η ಎಂಬುದು ಸ್ನಿಗ್ಧತೆ. η ವನ್ನು E ಯಿಂದ ಭಾಗಿಸಿದರೆ ದೊರೆಯುವುದು ಶುದ್ಧವಾದ ಕಾಲಪ್ರಮಾಣ. ಪ್ರತಿರೂಪಗಳ ಗಣಿತವೆಲ್ಲವೂ ಈ ಕಾಲಪ್ರಮಾಣದ ಸುತ್ತ ತಿರುಗುತ್ತದೆ.

ಘಟಕಗಳನ್ನು ಜೋಡಿಸುವ ನಿಯಮಗಳೂ ಎರಡೇ. ಒಂದರ ತುದಿಗೆ ಇನ್ನೊಂದನ್ನು ಕಟ್ಟಿದ ಶ್ರೇಣಿ ಜೋಡಣೆಯಲ್ಲಿ ಎರಡೂ ಒಂದೇ ಪೀಡನವನ್ನು ಹೊರುತ್ತವೆ, ಅವುಗಳ ವಿಕೃತಿಗಳು ಕೂಡಿಕೊಳ್ಳುತ್ತವೆ. ಅಕ್ಕಪಕ್ಕದಲ್ಲಿ ಕಟ್ಟಿದ ಸಮಾಂತರ ಜೋಡಣೆಯಲ್ಲಿ ಎರಡರ ವಿಕೃತಿಯೂ ಒಂದೇ, ಪೀಡನಗಳು ಕೂಡಿಕೊಳ್ಳುತ್ತವೆ.

## ಎರಡು ಘಟಕಗಳ ಪ್ರತಿರೂಪಗಳು

ಒಂದು ಸ್ಪ್ರಿಂಗನ್ನೂ ಒಂದು ಡ್ಯಾಶ್‌ಪಾಟನ್ನೂ ಶ್ರೇಣಿಯಲ್ಲಿ ಜೋಡಿಸಿದರೆ ಮ್ಯಾಕ್ಸ್‌ವೆಲ್ ಪ್ರತಿರೂಪವಾಗುತ್ತದೆ. ಇದನ್ನು ತಟ್ಟನೆ ಎಳೆದು ಹಿಡಿದರೆ ಮೊದಲ ಕ್ಷಣದಲ್ಲಿ ಹಿಗ್ಗೆಲ್ಲವೂ ಸ್ಪ್ರಿಂಗಿನದೇ. ಬಳಿಕ ಡ್ಯಾಶ್‌ಪಾಟಿನ ಕೊಂತವು ಸರಿದಷ್ಟು ಸರಿದಷ್ಟು ಸ್ಪ್ರಿಂಗು ಕುಗ್ಗಿ, ಪೀಡನವು ಇಳಿಯುತ್ತ ಹೋಗುತ್ತದೆ.

σ(t) = σ₀ e^(−t/τ),  τ = η/E

τ ಎಂಬ ಶಿಥಿಲನ ಕಾಲವು ಕಳೆದಾಗ ಆರಂಭದ ಪೀಡನದಲ್ಲಿ ಶೇ 37ರಷ್ಟು ಉಳಿದಿರುತ್ತದೆ. ಅದರ ಮೂರರಷ್ಟು ಕಾಲ ಕಳೆದಾಗ ಶೇ 5. ಪೀಡನ ಶಿಥಿಲನದ ಸ್ಥೂಲ ರೂಪವನ್ನು ಈ ಪ್ರತಿರೂಪವು ಸರಿಯಾಗಿ ಹಿಡಿದರೂ ಸರ್ಪಣದ ವಿಷಯದಲ್ಲಿ ಸೋಲುತ್ತದೆ. ಸ್ಥಿರ ಹೊರೆಯಡಿಯಲ್ಲಿ ಅದು ಒಂದೇ ವೇಗದಿಂದ ಕೊನೆಯಿಲ್ಲದೆ ಹರಿಯುತ್ತದೆ. ಮೊದಲು ತ್ವರಿತವಾಗಿಯೂ ಬರಬರುತ್ತ ಮಂದವಾಗಿಯೂ ಸಾಗುವ ನಿಜವಾದ ಸರ್ಪಣರೇಖೆಯ ಬಾಗು ಅದರಲ್ಲಿಲ್ಲ.

ಅವೆರಡನ್ನೇ ಸಮಾಂತರವಾಗಿ ಜೋಡಿಸಿದರೆ ಕೆಲ್ವಿನ್–ಫೋಕ್ಟ್ ಪ್ರತಿರೂಪ. ಇಲ್ಲಿ ಡ್ಯಾಶ್‌ಪಾಟು ಸ್ಪ್ರಿಂಗನ್ನು ತಡೆಹಿಡಿಯುವುದರಿಂದ, ಹೊರೆ ಬಿದ್ದರೂ ಒಮ್ಮೆಗೆ ಹಿಗ್ಗದೆ, ಸ್ಪ್ರಿಂಗಿನ ಪೂರ್ಣ ಹಿಗ್ಗಿನತ್ತ ನಿಧಾನವಾಗಿ ಏರುತ್ತದೆ.

ε(t) = (σ/E)(1 − e^(−t/τ)),  τ = η/E

ಇಲ್ಲಿಯ τ ವಿಗೆ ವಿಲಂಬ ಕಾಲವೆಂದು ಹೆಸರು. ಹೊರೆಯನ್ನು ತೆಗೆದಾಗ ಬರುವ ವಿಲಂಬಿತ ಚೇತರಿಕೆಯನ್ನೂ ಇದು ಚೆನ್ನಾಗಿ ತೋರಿಸುತ್ತದೆ. ಆದರೆ ಇದನ್ನು ತಟ್ಟನೆ ಎಳೆಯುವುದಕ್ಕೆ ಅನಂತವಾದ ಬಲ ಬೇಕು, ಎಳೆದು ಹಿಡಿದ ಮೇಲೆ ಪೀಡನವು ಕುಂದುವುದೇ ಇಲ್ಲ; ಅರ್ಥಾತ್ ಶಿಥಿಲನದಲ್ಲಿ ಇದು ನಿರುಪಯೋಗಿ. ಹೀಗೆ ಒಂದು ಬಲ್ಲುದನ್ನು ಇನ್ನೊಂದು ಅರಿಯದಾದುದರಿಂದ ಎರಡು ಘಟಕಗಳ ಪ್ರತಿರೂಪಗಳು ಅಧ್ಯಯನದ ಮೆಟ್ಟಿಲುಗಳಾಗಿ ಮಾತ್ರ ಉಳಿದಿವೆ.

## ಮೂರು ಘಟಕಗಳ ಪ್ರತಿರೂಪ

ಕೆಲ್ವಿನ್–ಫೋಕ್ಟ್ ಜೋಡಿಗೆ ಇನ್ನೊಂದು ಸ್ಪ್ರಿಂಗನ್ನು ಶ್ರೇಣಿಯಲ್ಲಿ ಸೇರಿಸಿದರೆ ದೊರೆಯುವ ಪ್ರತಿರೂಪವನ್ನು ಪ್ರಮಾಣಭೂತ ರೇಖೀಯ ಘನ ಎನ್ನುತ್ತಾರೆ. ಕ್ಲಾರೆನ್ಸ್ ಝೀನರ್ 1948ರ ತನ್ನ ಗ್ರಂಥದಲ್ಲಿ ಲೋಹಗಳಿಗಾಗಿ ಇದನ್ನು ವಿಸ್ತಾರವಾಗಿ ಬಳಸಿದುದರಿಂದ ಅವನ ಹೆಸರೂ ಇದಕ್ಕಿದೆ. ತತ್‌ಕ್ಷಣದ ಹಿಗ್ಗು, ವಿಲಂಬಿತ ಹಿಗ್ಗು, ಪರಿಮಿತವಾದ ಶಿಥಿಲನ, ಪೂರ್ಣ ಚೇತರಿಕೆ ಇವೆಲ್ಲವನ್ನೂ ತೋರಿಸಬಲ್ಲ ಅತ್ಯಂತ ಸರಳ ರಚನೆ ಇದು.

ಅಭ್ಯಾಸಿಗಳು ಪದೇ ಪದೇ ಎಡವುವ ಒಂದು ಸಂಗತಿಯನ್ನು ಇಲ್ಲಿ ನಿದರ್ಶನದೊಡನೆ ವಿವರಿಸುವುದು ಉಚಿತ. ಒಂಟಿ ಸ್ಪ್ರಿಂಗಿನ ಗುಣಾಂಕ 1000 ಮೆಗಾಪಾಸ್ಕಲ್, ಜೋಡಿಯೊಳಗಿನ ಸ್ಪ್ರಿಂಗಿನದು 500 ಮೆಗಾಪಾಸ್ಕಲ್, ವಿಲಂಬ ಕಾಲ 1 ಗಂಟೆ ಎಂದಿರಲಿ. ಸರ್ಪಣ ಪರೀಕ್ಷೆಯಲ್ಲಿ ಈ ವಸ್ತುವಿನ ಕಾಲಪ್ರಮಾಣ ಒಂದು ಗಂಟೆಯೇ. ಅದೇ ವಸ್ತುವನ್ನು ಶೇ 1 ವಿಕೃತಿಗೆ ಎಳೆದು ಹಿಡಿದರೆ ಆರಂಭದ ಪೀಡನ 10 ಮೆಗಾಪಾಸ್ಕಲ್. ಅಂತ್ಯದಲ್ಲಿ ಎರಡು ಸ್ಪ್ರಿಂಗುಗಳು ಶ್ರೇಣಿಯಲ್ಲಿ ಕೂಡಿ ಕೊಡುವ 333 ಮೆಗಾಪಾಸ್ಕಲಿನ ಗುಣಾಂಕಕ್ಕೆ ಅನುಗುಣವಾಗಿ ಪೀಡನವು 3.33 ಮೆಗಾಪಾಸ್ಕಲಿಗೆ ಇಳಿಯುತ್ತದೆ. ಆದರೆ ಈ ಇಳಿತದ ಕಾಲಪ್ರಮಾಣವು ಒಂದು ಗಂಟೆಯಲ್ಲ, 20 ನಿಮಿಷ. ಏಕೆಂದರೆ ವಿಕೃತಿಯನ್ನು ಬಂಧಿಸಿದಾಗ ಡ್ಯಾಶ್‌ಪಾಟಿನ ಮೇಲೆ ಎರಡು ಸ್ಪ್ರಿಂಗುಗಳೂ ಒಟ್ಟಾಗಿ ಕೆಲಸಮಾಡಿ, η ವನ್ನು 500ರಿಂದಲ್ಲ, 1500ರಿಂದ ಭಾಗಿಸಬೇಕಾಗುತ್ತದೆ. ಇಪ್ಪತ್ತನೆಯ ನಿಮಿಷದಲ್ಲಿ ಪೀಡನ 5.79 ಮೆಗಾಪಾಸ್ಕಲ್. ಶಿಥಿಲನ ಕಾಲವು ವಿಲಂಬ ಕಾಲಕ್ಕಿಂತ ಯಾವಾಗಲೂ ಕಡಮೆ. ಅವುಗಳ ನಿಷ್ಪತ್ತಿಯು ಅಂತ್ಯದ ಗುಣಾಂಕಕ್ಕೂ ಆರಂಭದ ಗುಣಾಂಕಕ್ಕೂ ಇರುವ ನಿಷ್ಪತ್ತಿಯೇ ಆಗಿದೆ. ಗಟ್ಟಿ ಪ್ಲಾಸ್ಟಿಕಿನಲ್ಲಿ ಈ ಅಂತರ ಅಲ್ಪವಾದರೂ, ಗಾಜಿನ ಸ್ಥಿತಿಯಿಂದ ರಬ್ಬರಿನ ಸ್ಥಿತಿಗೆ ಸಾಗುವಾಗ ಗುಣಾಂಕವು ಸಾವಿರ ಪಟ್ಟು ಇಳಿಯುವ ಪಾಲಿಮರುಗಳಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಿದರೆ ಲೆಕ್ಕವು ಸಾವಿರ ಪಟ್ಟು ತಪ್ಪುತ್ತದೆ.

ಇನ್ನೂ ಒಂದು ಮಾತು. ಮೇಲಿನ ವಸ್ತುವನ್ನು 333 ಮೆಗಾಪಾಸ್ಕಲಿನ ಒಂದು ಸ್ಪ್ರಿಂಗಿಗೆ ಸಮಾಂತರವಾಗಿ, 667 ಮೆಗಾಪಾಸ್ಕಲಿನ ಸ್ಪ್ರಿಂಗೂ 20 ನಿಮಿಷದ ಶಿಥಿಲನ ಕಾಲವೂ ಉಳ್ಳ ಮ್ಯಾಕ್ಸ್‌ವೆಲ್ ತೋಳನ್ನು ಕಟ್ಟಿಯೂ ರಚಿಸಬಹುದು. ಹೊರಗಿನಿಂದ ಮಾಡುವ ಯಾವ ಎಳೆತದ ಪರೀಕ್ಷೆಯೂ ಈ ಎರಡು ರಚನೆಗಳಿಗೆ ಭೇದವನ್ನು ಕಾಣಲಾರದು. ಆದುದರಿಂದ ಇಂಥ ಸ್ಪ್ರಿಂಗು ಇಂಥ ಅಣುಭಾಗವನ್ನೇ ಸೂಚಿಸುತ್ತದೆ ಎಂಬ ವಾದವು ನಿಲ್ಲುವುದಿಲ್ಲ. ಪ್ರತಿರೂಪವು ವರ್ತನೆಯ ಚಿತ್ರವೇ ಹೊರತು ರಚನೆಯ ಚಿತ್ರವಲ್ಲ.

## ಬರ್ಗರ್ಸ್ ಪ್ರತಿರೂಪ ಮತ್ತು ಒಂದು ಲೆಕ್ಕ

ಡಚ್ ವಿಜ್ಞಾನಿ ಬರ್ಗರ್ಸ್ 1935ರಲ್ಲಿ ಮಂಡಿಸಿದ ನಾಲ್ಕು ಘಟಕಗಳ ಪ್ರತಿರೂಪದಲ್ಲಿ ಒಂದು ಸ್ಪ್ರಿಂಗ್, ಒಂದು ಕೆಲ್ವಿನ್–ಫೋಕ್ಟ್ ಜೋಡಿ, ಒಂದು ಡ್ಯಾಶ್‌ಪಾಟ್ ಇವು ಒಂದರ ಹಿಂದೊಂದಾಗಿ ನಿಲ್ಲುತ್ತವೆ. ಮೊದಲನೆಯದು ಹೊರೆ ಬಿದ್ದ ಕ್ಷಣದ ಹಿಗ್ಗನ್ನೂ, ಎರಡನೆಯದು ಸುತ್ತಿಕೊಂಡ ಸರಪಣಿಗಳು ಬಿಡಿಸಿಕೊಳ್ಳುವುದರಿಂದ ಬರುವ, ಹಿಂದಿರುಗಬಲ್ಲ ವಿಲಂಬಿತ ಹಿಗ್ಗನ್ನೂ, ಮೂರನೆಯದು ಸರಪಣಿಗಳು ಒಂದರ ಪಕ್ಕದಿಂದ ಇನ್ನೊಂದು ಜಾರಿಹೋಗುವುದರಿಂದ ಬರುವ ಶಾಶ್ವತ ಹರಿವನ್ನೂ ಸ್ಥೂಲವಾಗಿ ಪ್ರತಿನಿಧಿಸುತ್ತದೆ.

ε(t) = σ/E₁ + (σ/E₂)(1 − e^(−t/τ)) + σt/η₁

ಮೃದುವಾದೊಂದು ಪ್ಲಾಸ್ಟಿಕಿನ ಪಟ್ಟಿಯನ್ನು ಊಹಿಸಿಕೊಳ್ಳೋಣ: ಉದ್ದ 200 ಮಿಲಿಮೀಟರ್, ಅಗಲ 10, ದಪ್ಪ 2. ಅದರ ತುದಿಗೆ ಸುಮಾರು 10 ಕಿಲೋಗ್ರಾಂ ತೂಕವನ್ನು, ಅಂದರೆ 100 ನ್ಯೂಟನ್ ಬಲವನ್ನು ತೂಗುಹಾಕಿದರೆ ಪೀಡನವು 5 ಮೆಗಾಪಾಸ್ಕಲ್. E₁ ಮತ್ತು E₂ ಗಳನ್ನು ಹಿಂದಿನಂತೆಯೇ 1000 ಮತ್ತು 500 ಎಂದೂ, τ ವನ್ನು 1 ಗಂಟೆಯೆಂದೂ, η₁ ಅನ್ನು 10,000 ಮೆಗಾಪಾಸ್ಕಲ್–ಗಂಟೆಯೆಂದೂ ಇಟ್ಟುಕೊಂಡರೆ, ಹೊರೆ ಬಿದ್ದ ಕ್ಷಣದಲ್ಲಿ ಶೇ 0.5ರ ವಿಕೃತಿ, ಎಂದರೆ 1 ಮಿಲಿಮೀಟರ್ ಹಿಗ್ಗು ಕಾಣುತ್ತದೆ. ಒಂದು ಗಂಟೆಯ ಕೊನೆಗೆ ವಿಲಂಬಿತ ಭಾಗವು ಶೇ 0.632ನ್ನೂ ಹರಿವು ಶೇ 0.05ನ್ನೂ ಸೇರಿಸಿ ಒಟ್ಟು ಶೇ 1.182ಕ್ಕೆ ಮುಟ್ಟುತ್ತದೆ, ಹಿಗ್ಗು 2.36 ಮಿಲಿಮೀಟರ್. ಮೂರನೆಯ ಗಂಟೆಗೆ 3.2 ಮಿಲಿಮೀಟರ್, ಹತ್ತನೆಯ ಗಂಟೆಗೆ 4 ಮಿಲಿಮೀಟರ್. ಆ ಹೊತ್ತಿಗೆ ವಿಲಂಬಿತ ಭಾಗವು ತನ್ನ ಶೇ 1ರ ಮಿತಿಯನ್ನು ಮುಟ್ಟಿಯಾಗಿದ್ದು, ಮುಂದೆ ಬೆಳೆಯುವುದು ಹರಿವು ಮಾತ್ರ.

ಹತ್ತನೆಯ ಗಂಟೆಯಲ್ಲಿ ತೂಕವನ್ನು ತೆಗೆದರೆ 1 ಮಿಲಿಮೀಟರು ಒಡನೆಯೇ ಕುಗ್ಗಿ, 3 ಮಿಲಿಮೀಟರು ಉಳಿಯುತ್ತದೆ. ಒಂದು ಗಂಟೆಯ ಬಳಿಕ 1.74 ಮಿಲಿಮೀಟರ್, ಮೂರು ಗಂಟೆಗಳ ಬಳಿಕ 1.1 ಮಿಲಿಮೀಟರ್, ಕೊನೆಗೆ 1 ಮಿಲಿಮೀಟರು ಶಾಶ್ವತವಾಗಿ ನಿಲ್ಲುತ್ತದೆ. ಈ ಶೇಷವು ಹತ್ತು ಗಂಟೆಗಳ ಹರಿವೇ ಹೊರತು ಬೇರೆಯಲ್ಲ.

ಪ್ರಯೋಗಶಾಲೆಯಲ್ಲಿ ಲೆಕ್ಕವು ಹಿಮ್ಮುಖವಾಗಿ ನಡೆಯುತ್ತದೆ. ಅಲ್ಲಿ ದೊರೆಯುವುದು ರೇಖೆ, ಹುಡುಕಬೇಕಾದವು ಘಟಕಗಳು. ರೇಖೆಯ ಮೊದಲ ನೆಗೆತದಿಂದ E₁ ಸಿಗುತ್ತದೆ. ಕೊನೆಯ ನೇರ ಭಾಗದ ಓಟವು ಗಂಟೆಗೆ ಶೇ 0.05 ಆಗಿರುವುದರಿಂದ, ಪೀಡನವನ್ನು ಅದರಿಂದ ಭಾಗಿಸಿದರೆ η₁ ಸಿಗುತ್ತದೆ. ಆ ನೇರ ಭಾಗವನ್ನು ಹಿಂದಕ್ಕೆ ಎಳೆದು ಆರಂಭದ ಕ್ಷಣಕ್ಕೆ ತಂದರೆ ಅದು ಶೇ 1.5ರಲ್ಲಿ ಅಕ್ಷವನ್ನು ಕೂಡುತ್ತದೆ. ಅದರಿಂದ ಮೊದಲ ನೆಗೆತದ 0.5ನ್ನು ಕಳೆದು ಉಳಿಯುವ ಶೇ 1ರಿಂದ E₂ ದೊರೆಯುತ್ತದೆ. ಹಿಂದಕ್ಕೆಳೆದ ನೇರ ರೇಖೆಗೂ ನಿಜವಾದ ರೇಖೆಗೂ ಇರುವ ಅಂತರವು ಒಂದನೆಯ ಗಂಟೆಯಲ್ಲಿ 1.55ರಿಂದ 1.182ನ್ನು ಕಳೆದ 0.368, ಅದು ಆರಂಭದ ಅಂತರವಾದ 1ರ ಶೇ 37 ಆದ ಕಾರಣ τ ಎಂಬುದು 1 ಗಂಟೆಯೆಂದು ನಿಶ್ಚಯವಾಗುತ್ತದೆ.

## ಪ್ರತಿರೂಪಗಳ ಮಿತಿಗಳು

ಮೇಲಿನ ವಿಧಾನವು ಕಾಗದದ ಮೇಲೆ ಎಷ್ಟು ನಿರ್ದುಷ್ಟವೋ ನಿಜವಾದ ಪಾಲಿಮರಿನ ಮೇಲೆ ಅಷ್ಟೇ ಮೋಸಕರವಾಗಬಲ್ಲುದು. ಒಂದೇ ವಿಲಂಬ ಕಾಲವುಳ್ಳ ಪ್ರತಿರೂಪದಲ್ಲಿ ವಿಲಂಬಿತ ಹಿಗ್ಗು ಶೇ 10ರಿಂದ ಶೇ 90ಕ್ಕೆ ಏರುವುದಕ್ಕೆ ಬೇಕಾದ ಕಾಲದ ವ್ಯಾಪ್ತಿ ಸುಮಾರು 22 ಪಟ್ಟು ಮಾತ್ರ. ಎಂದರೆ ಇಪ್ಪತ್ತು ನಿಮಿಷದಲ್ಲಿ ಶೇ 10ರಷ್ಟು ಆದ ಕ್ರಿಯೆಯು ಸುಮಾರು ಏಳು ಗಂಟೆಗಳಲ್ಲಿ ಶೇ 90ನ್ನು ಮುಟ್ಟುತ್ತದೆ. ಪಾಲಿಮರುಗಳಲ್ಲಿ ಅದೇ ಕ್ರಿಯೆಯು ಸೆಕೆಂಡಿನಿಂದ ವರ್ಷಗಳವರೆಗೆ, ಕಾಲದ ಹಲವಾರು ದಶಗುಣಗಳ ಮೇಲೆ ಹರಡಿಕೊಂಡಿರುತ್ತದೆ. ಸರಪಣಿಯ ಚಿಕ್ಕ ತುಣುಕುಗಳು ಕ್ಷಿಪ್ರವಾಗಿಯೂ ದೊಡ್ಡವು ನಿಧಾನವಾಗಿಯೂ ಚಲಿಸುವುದೇ ಇದಕ್ಕೆ ಕಾರಣ.

ಇದರ ಫಲವಾಗಿ, ಹತ್ತು ಗಂಟೆಗಳ ಪರೀಕ್ಷೆಯ ಕೊನೆಯಲ್ಲಿ ನೇರವಾಗಿ ಕಂಡ ಭಾಗವು ವಾಸ್ತವವಾಗಿ ನೇರವಾಗಿರುವುದಿಲ್ಲ. ಕಣ್ಣಿಗೆ ತಿಳಿಯದಷ್ಟು ನಿಧಾನವಾಗಿ ಬಾಗುತ್ತಿರುತ್ತದೆ. ಅನೇಕ ಪ್ಲಾಸ್ಟಿಕುಗಳ ಸರ್ಪಣವು ಕಾಲದ ಒಂದು ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಫಿಂಡ್ಲಿ ತೋರಿಸಿದನು; ಪಾಲಿವಿನೈಲ್ ಕ್ಲೋರೈಡ್ ಮತ್ತು ಪಾಲಿಎಥಿಲೀನುಗಳ ಮೇಲೆ 26 ವರ್ಷ ನಡೆದ ಅವನ ಸರ್ಪಣ ಪರೀಕ್ಷೆಯ ಫಲಿತಾಂಶಗಳು 1987ರಲ್ಲಿ ಪ್ರಕಟವಾದವು. ಆ ಘಾತವು 0.2 ಎಂದಿಟ್ಟುಕೊಂಡರೆ, ಹತ್ತು ಗಂಟೆಯಲ್ಲಿ ಅಳೆದ ಓಟವು ನೂರು ಗಂಟೆಯ ವೇಳೆಗೆ ಸುಮಾರು ಆರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಆಗ ಬರ್ಗರ್ಸ್ ಪ್ರತಿರೂಪವನ್ನು ಹೊಂದಿಸಿದವನಿಗೆ η₁ ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪರೀಕ್ಷೆಯ ಅವಧಿ ಬೆಳೆದಂತೆಲ್ಲ ಸ್ನಿಗ್ಧತೆಯೂ ಬೆಳೆಯುತ್ತಿದ್ದರೆ ಅದು ವಸ್ತುವಿನ ಗುಣವಲ್ಲ, ಪ್ರತಿರೂಪದ ಅಸಾಮರ್ಥ್ಯವೆಂದು ತಿಳಿಯಬೇಕು. ಇಂತಹ ಪ್ರತಿರೂಪವನ್ನು ಅಳೆದ ಅವಧಿಯೊಳಗೆ ಬಳಸುವುದರಲ್ಲಿ ದೋಷವಿಲ್ಲ. ಅದರಿಂದ ಹತ್ತು ವರ್ಷಗಳ ಭವಿಷ್ಯವನ್ನು ಹೇಳುವುದು ಸಲ್ಲದು.

ಶಾಶ್ವತ ಹರಿವು ನಿಜವಾಗಿಯೂ ಇದೆಯೇ ಎಂಬುದನ್ನು ಸರ್ಪಣರೇಖೆಗಿಂತ ಚೇತರಿಕೆಯ ರೇಖೆಯೇ ಖಚಿತವಾಗಿ ಹೇಳುತ್ತದೆ. ಹೊರೆಯನ್ನು ಹೊತ್ತಿದ್ದ ಅವಧಿಯ ಹತ್ತು ಪಟ್ಟಾದರೂ ಕಾದು ಉಳಿದ ಹಿಗ್ಗನ್ನು ಅಳೆಯದೆ ಅದನ್ನು ಶಾಶ್ವತವೆಂದು ಕರೆಯಲಾಗದು. ಗಂಧಕದಿಂದ ಅಡ್ಡಬಂಧಗಳನ್ನು ಪಡೆದ ರಬ್ಬರಿನಲ್ಲಿ ಸರಪಣಿಗಳು ಜಾರಲಾರವಾದುದರಿಂದ ಅದರ ಪ್ರತಿರೂಪದಲ್ಲಿ ಒಂಟಿ ಡ್ಯಾಶ್‌ಪಾಟಿಗೆ ಸ್ಥಾನವಿಲ್ಲ. ಆದರೂ ಹೆಚ್ಚಿನ ಶಾಖದಲ್ಲಿ ಅದರ ಪೀಡನವು ಶೂನ್ಯದತ್ತ ಇಳಿಯುತ್ತಿದ್ದರೆ, ಆಮ್ಲಜನಕದ ದಾಳಿಯಿಂದ ಸರಪಣಿಗಳೇ ಕಡಿಯುತ್ತಿವೆಯೆಂದು ಅರ್ಥ. ಟೊಬೋಲ್ಸ್ಕಿ 1940ರ ದಶಕದಲ್ಲಿ ಈ ರಾಸಾಯನಿಕ ಶಿಥಿಲನವನ್ನು ಭೌತ ಶಿಥಿಲನದಿಂದ ಬೇರ್ಪಡಿಸಿ ಅಭ್ಯಸಿಸಿದನು.

ಈವರೆಗಿನ ಸಮೀಕರಣಗಳೆಲ್ಲ ರೇಖೀಯತೆಯನ್ನು ಆಧರಿಸಿವೆ. ಅದನ್ನು ಪರೀಕ್ಷಿಸುವ ಕ್ರಮ ಸುಲಭ: ಒಂದೇ ಬಗೆಯ ಎರಡು ಪಟ್ಟಿಗಳಿಗೆ ಬೇರೆಬೇರೆ ಹೊರೆಗಳನ್ನು ಹೊರಿಸಿ, ಪ್ರತಿ ಕ್ಷಣದ ವಿಕೃತಿಯನ್ನು ಆಯಾ ಪೀಡನದಿಂದ ಭಾಗಿಸಿದಾಗ ದೊರೆಯುವ ಎರಡು ನಮ್ಯತಾರೇಖೆಗಳು ಒಂದರ ಮೇಲೊಂದು ಕೂಡಿದರೆ ವಸ್ತುವು ರೇಖೀಯ, ಹೆಚ್ಚಿನ ಹೊರೆಯ ರೇಖೆಯು ಮೇಲೆ ನಿಂತರೆ ಅಲ್ಲ. ಗಟ್ಟಿ ಪ್ಲಾಸ್ಟಿಕುಗಳಲ್ಲಿ ವಿಕೃತಿಯು ಶೇ 1ನ್ನು ಸಮೀಪಿಸುವ ಮೊದಲೇ ಅನೇಕ ವೇಳೆ ಈ ಭೇದವು ತಲೆದೋರುತ್ತದೆ. ಮೇಲಿನ ಲೆಕ್ಕದಲ್ಲಿ ಶೇ 2ರವರೆಗೂ ಸಮೀಕರಣವನ್ನು ನಂಬಿದುದು ವಿವರಣೆಯ ಅನುಕೂಲಕ್ಕಾಗಿ ಮಾತ್ರ.

## ಸಾಮಾನ್ಯೀಕೃತ ಪ್ರತಿರೂಪ

ಹರಡಿಕೊಂಡ ಕಾಲಪ್ರಮಾಣಗಳಿಗೆ ಪರಿಹಾರವೆಂದರೆ ವೀಖರ್ಟ್ ಸೂಚಿಸಿದಂತೆ ಅನೇಕ ಮ್ಯಾಕ್ಸ್‌ವೆಲ್ ತೋಳುಗಳನ್ನು ಒಂದು ಒಂಟಿ ಸ್ಪ್ರಿಂಗಿನೊಡನೆ ಸಮಾಂತರವಾಗಿ ಕಟ್ಟುವುದು.

E(t) = E∞ + Σ Eᵢ e^(−t/τᵢ)

ಘಾತೀಯ ಪದಗಳ ಇಂತಹ ಮೊತ್ತವನ್ನು ಫ್ರೆಂಚ್ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ 1795ರಲ್ಲಿಯೇ ಬಳಸಿದ್ದುದರಿಂದ ಇದಕ್ಕೆ ಪ್ರೋನಿ ಶ್ರೇಣಿಯೆಂದು ಹೆಸರು. ಆಚರಣೆಯಲ್ಲಿ ಕಾಲದ ಪ್ರತಿ ದಶಗುಣಕ್ಕೆ ಒಂದು ತೋಳಿನಂತೆ τᵢ ಗಳನ್ನು ಮುಂಚಿತವಾಗಿ ನಿಶ್ಚಯಿಸಿಕೊಂಡು, Eᵢ ಗಳನ್ನು ಮಾತ್ರ ಮಾಪನಗಳಿಂದ ಹುಡುಕುತ್ತಾರೆ. ಎರಡನ್ನೂ ಒಟ್ಟಿಗೆ ಹುಡುಕಲು ಹೊರಟರೆ, ಮಾಪನದ ಅಲ್ಪಸ್ವಲ್ಪ ದೋಷಗಳೇ ದೊಡ್ಡದಾಗಿ, ಕೆಲವು Eᵢ ಗಳು ಋಣಾತ್ಮಕವಾಗಿ ಹೊರಬರುತ್ತವೆ. ಋಣಾತ್ಮಕ ಸ್ಪ್ರಿಂಗು ತಾನಾಗಿ ಶಕ್ತಿಯನ್ನು ಸೃಷ್ಟಿಸುವ ಅಸಂಭವ ವಸ್ತುವಾದ್ದರಿಂದ, ಅದು ಕಂಡೊಡನೆ ತೋಳುಗಳ ಸಂಖ್ಯೆಯನ್ನು ಇಳಿಸಬೇಕು. ವಿಕೃತಿಯನ್ನು ಹೇರುವುದಕ್ಕೇ ಒಂದು ಸೆಕೆಂಡು ಹಿಡಿದಿದ್ದರೆ ಮೊದಲ ಹತ್ತು ಸೆಕೆಂಡುಗಳ ಅಂಕಿಗಳನ್ನು ನೆಚ್ಚಬಾರದೆಂಬುದು ಪ್ರಯೋಗಶಾಲೆಗಳ ರೂಢಿ. ಅವುಗಳನ್ನು ಸೇರಿಸಿದರೆ ಅತಿ ಕಿರಿದಾದ τ ವುಳ್ಳ ತೋಳು ಯಂತ್ರದ ಚಲನೆಯನ್ನು ವಸ್ತುವಿನ ಗುಣವೆಂದು ದಾಖಲಿಸುತ್ತದೆ.

## ಉಷ್ಣತೆಯ ಪ್ರಭಾವ

ಉಷ್ಣತೆ ಏರಿದಾಗ ಸ್ಪ್ರಿಂಗುಗಳು ಅಷ್ಟಾಗಿ ಬದಲಾಗವು. ಡ್ಯಾಶ್‌ಪಾಟುಗಳು ಮಾತ್ರ ಅತಿ ವೇಗವಾಗಿ ಸಡಿಲಗೊಳ್ಳುತ್ತವೆ. ಎಲ್ಲ τᵢ ಗಳೂ ಒಂದೇ ಅಂಶದಿಂದ ಕಿರಿದಾದರೆ, ಬಿಸಿಯಲ್ಲಿ ಕೆಲವು ಗಂಟೆಗಳಲ್ಲಿ ಅಳೆದ ರೇಖೆಯನ್ನು ಲಾಗರಿತಮ್ ಕಾಲಾಕ್ಷದ ಮೇಲೆ ಬಲಕ್ಕೆ ಸರಿಸಿ, ತಂಪಿನಲ್ಲಿ ವರ್ಷಗಳ ಮೇಲೆ ನಡೆಯುವುದನ್ನು ತಿಳಿಯಬಹುದು. ವಿಲಿಯಮ್ಸ್, ಲ್ಯಾಂಡೆಲ್ ಮತ್ತು ಫೆರ್ರಿ ಎಂಬ ಮೂವರು 1955ರಲ್ಲಿ ಈ ಸರಿಸುವಿಕೆಯ ಪ್ರಮಾಣಕ್ಕೆ ಒಂದು ಸೂತ್ರವನ್ನು ಕೊಟ್ಟರು.

log aT = −17.44 (T − Tg) / (51.6 + T − Tg)

Tg ಎಂಬುದು ಗಾಜಿನ ಸ್ಥಿತ್ಯಂತರದ ಉಷ್ಣತೆ. ಅದಕ್ಕಿಂತ ಕೇವಲ 10 ಡಿಗ್ರಿ ಮೇಲೆ ಹೋದರೆ ಶಿಥಿಲನವು ಸುಮಾರು 700 ಪಟ್ಟು ಚುರುಕಾಗುತ್ತದೆಂದು ಈ ಸೂತ್ರದಿಂದ ತಿಳಿಯುತ್ತದೆ. ಪರೀಕ್ಷಾಕೊಠಡಿಯ ಉಷ್ಣತೆ ಹಗಲಿಗೂ ಇರುಳಿಗೂ ಎರಡು ಮೂರು ಡಿಗ್ರಿ ಹೊಯ್ದಾಡಿದರೆ ಸರ್ಪಣರೇಖೆಯಲ್ಲಿ ಅಲೆಗಳು ಮೂಡುವುದು ಇದರಿಂದಲೇ. ಸೂತ್ರವು Tg ಇಂದ ಅದರ ಮೇಲಣ ಸುಮಾರು 100 ಡಿಗ್ರಿಗಳವರೆಗೆ, ಸ್ಫಟಿಕಾಂಶವಿಲ್ಲದ ಪಾಲಿಮರುಗಳಿಗೆ ಅನ್ವಯಿಸುತ್ತದೆ. ಪಾಲಿಎಥಿಲೀನಿನಂತಹ ಅರೆಸ್ಫಟಿಕ ವಸ್ತುಗಳಲ್ಲಿ ಬಿಸಿಯಾದಂತೆ ಸ್ಫಟಿಕಗಳೇ ಮಾರ್ಪಡುವುದರಿಂದ ಅಡ್ಡ ಸರಿಸುವಿಕೆಯೊಂದೇ ಸಾಲದು. Tg ಗಿಂತ ಕೆಳಗೆ ಇನ್ನೊಂದು ತೊಡಕಿದೆ: ಕರಗಿಸಿ ತಣಿಸಿದ ಪ್ಲಾಸ್ಟಿಕು ದಿನಗಳು ಕಳೆದಂತೆ ತಾನಾಗಿ ಸಾಂದ್ರವಾಗಿ, ಅದರ τ ಗಳೆಲ್ಲ ದೀರ್ಘವಾಗುತ್ತವೆ. ಸ್ಟ್ರುಯಿಕ್ 1978ರ ಗ್ರಂಥದಲ್ಲಿ ಭೌತ ಜರೆಯೆಂಬ ಈ ಸಂಗತಿಯನ್ನು ವಿವರಿಸಿದನು. ಎರಕದ ದಿನವನ್ನು ಬರೆದಿಡದ ಪಟ್ಟಿಯ ಸರ್ಪಣದ ಅಂಕಿಗಳು ಇನ್ನೊಂದರೊಡನೆ ಹೋಲಿಸಲು ಬಾರವು.

## ಉಪಯೋಗಗಳು

ನೀರಿನ ಒತ್ತಡವನ್ನು ತಡೆಯುವ ಪಾಲಿಎಥಿಲೀನ್ ಕೊಳವೆಗಳ ಗೋಡೆಯ ದಪ್ಪವನ್ನು ನಿರ್ಧರಿಸುವುದು ಅಲ್ಪಕಾಲದ ಬಲದಿಂದಲ್ಲ, ದೀರ್ಘಕಾಲದ ವರ್ತನೆಯಿಂದ. ಪಿಇ 100 ಎಂಬ ವರ್ಗದ ಕೊಳವೆಯು 20 ಡಿಗ್ರಿ ಸೆಲ್ಸಿಯಸಿನಲ್ಲಿ 50 ವರ್ಷ ಕನಿಷ್ಠ 10 ಮೆಗಾಪಾಸ್ಕಲ್ ಪೀಡನವನ್ನು ತಾಳಬೇಕೆಂಬುದು ಅದರ ಹೆಸರಿನ ಅರ್ಥ. ಪ್ಲಾಸ್ಟಿಕು ಹೊರೆಯಡಿಯಲ್ಲಿ ಎಷ್ಟು ಹಿಗ್ಗುವುದೆಂಬುದನ್ನು ISO 899 ಮತ್ತು ASTM D2990 ಎಂಬ ನಿಯಮಾವಳಿಗಳಂತೆ ಅಳೆಯಲಾಗುತ್ತದೆ. ಚಾಚುಪಟ್ಟಿಗಳ ನಡುವೆ ಬೋಲ್ಟು ಬಿಗಿದು ಕೂಡಿಸುವ ಟೆಫ್ಲಾನ್ ಗ್ಯಾಸ್ಕೆಟ್ಟು ಸಾಮಾನ್ಯ ಉಷ್ಣತೆಯಲ್ಲಿಯೂ ಹರಿಯುವುದರಿಂದ, ಕೂಡಿಸಿದ ಸ್ವಲ್ಪ ಕಾಲದ ಬಳಿಕ ಬೋಲ್ಟನ್ನು ಮರಳಿ ಬಿಗಿಯುವುದೂ, ಗಾಜಿನ ಎಳೆಗಳನ್ನು ಬೆರೆಸಿದ ದರ್ಜೆಯನ್ನು ಆರಿಸುವುದೂ ವಾಡಿಕೆ.

ಚೇತರಿಕೆಯ ವಿಲಂಬವು ಮುಖ್ಯವಾದ ಸಂದರ್ಭಗಳೂ ಇವೆ. 1986ರ ಜನವರಿ 28ರಂದು ಚಾಲೆಂಜರ್ ಅಂತರಿಕ್ಷ ವಾಹನದ ನಾಶಕ್ಕೆ ಕಾರಣವಾದ ರಾಕೆಟ್ಟಿನ ಕೂಡುಗೆಯಲ್ಲಿ, ರಬ್ಬರಿನ ಮುದ್ರೆಯ ಉಂಗುರವು ಚಳಿಯಿಂದ ತನ್ನ ಪುಟಿತವನ್ನು ಕಳೆದುಕೊಂಡು, ಕೂಡುಗೆ ತೆರೆದ ಅಲ್ಪಕ್ಷಣದಲ್ಲಿ ಸಂದನ್ನು ತುಂಬಲಾರದೆ ಹೋಯಿತೆಂದು ತನಿಖಾ ಆಯೋಗವು ನಿರ್ಣಯಿಸಿತು. ಪ್ರತಿರೂಪದ ಭಾಷೆಯಲ್ಲಿ ಹೇಳುವುದಾದರೆ, ಅಲ್ಲಿ ಸ್ಪ್ರಿಂಗು ಕೆಟ್ಟಿರಲಿಲ್ಲ. ವಿಲಂಬ ಕಾಲವು ಲಭ್ಯವಿದ್ದ ಕಾಲವನ್ನು ಮೀರಿತ್ತು.

## ಪ್ರಸ್ತುತ ಸ್ಥಿತಿ

ಗಣಕಯಂತ್ರಗಳಿಂದ ಯಂತ್ರಭಾಗಗಳ ಪೀಡನವನ್ನು ಲೆಕ್ಕಹಾಕುವ ಪರಿಮಿತ ಅಂಶ ವಿಧಾನದ ತಂತ್ರಾಂಶಗಳಲ್ಲಿ ಪ್ರೋನಿ ಶ್ರೇಣಿಯೇ ಪಾಲಿಮರನ್ನು ವರ್ಣಿಸುವ ರೂಢಿಯ ಕ್ರಮವಾಗಿ ನಿಂತಿದೆ. ಘಾತೀಯ ಪದಗಳ ಒಂದು ವಿಶೇಷ ಗುಣ ಇದಕ್ಕೆ ಕಾರಣ: ಬೋಲ್ಟ್ಸ್‌ಮನ್ನನ ತತ್ತ್ವದಂತೆ ಹೊರೆಯ ಸಂಪೂರ್ಣ ಇತಿಹಾಸವನ್ನು ನೆನಪಿನಲ್ಲಿಡಬೇಕಾದಲ್ಲಿ, ಪ್ರತಿ ಮ್ಯಾಕ್ಸ್‌ವೆಲ್ ತೋಳಿನ ಹಿಂದಿನ ಕ್ಷಣದ ಪೀಡನವೊಂದನ್ನು ಇಟ್ಟುಕೊಂಡರೆ ಸಾಕಾಗುತ್ತದೆ. ಹೆಚ್ಚಿನ ಪೀಡನದ ರೇಖಾತೀತ ವರ್ತನೆಗೆ, ಪೀಡನದೊಡನೆ ಕಾಲದ ಗಡಿಯಾರವೇ ಚುರುಕಾಗುವಂತೆ ಕಲ್ಪಿಸುವ ಶೇಪರಿಯ ವಿಧಾನವು ಬಳಕೆಯಲ್ಲಿದೆ. ಸ್ಕಾಟ್ ಬ್ಲೇರ್ 1940ರ ದಶಕದಲ್ಲಿ ಸೂಚಿಸಿದ, ಸ್ಪ್ರಿಂಗಿಗೂ ಡ್ಯಾಶ್‌ಪಾಟಿಗೂ ನಡುವಣದಾದ ಭಿನ್ನಾಂಕ ಘಟಕವು ಕಾಲದ ಘಾತನಿಯಮವನ್ನು ಎರಡೇ ಅಂಕಿಗಳಿಂದ ಕೊಡಬಲ್ಲುದು. ಹತ್ತಾರು ಮ್ಯಾಕ್ಸ್‌ವೆಲ್ ತೋಳುಗಳ ಕೆಲಸವನ್ನು ಅದೊಂದೇ ಮಾಡುತ್ತದೆ. ಆದರೆ ಅದು ಹಿಂದಿನ ಹೊರೆಗಳನ್ನೆಲ್ಲ ನೆನಪಿಡಬೇಕಾದುದರಿಂದ, ದೀರ್ಘವಾದ ಗಣನೆಗಳಲ್ಲಿ ಅದನ್ನೂ ಮತ್ತೆ ಪ್ರೋನಿ ಶ್ರೇಣಿಯಾಗಿ ಬಿಡಿಸಿಕೊಳ್ಳುವುದುಂಟು.